ಹೆಸರು ಮುಚ್ಚಿದರೆ ಬೋರ್ಡ್ ಯಾರದ್ದು?

ಬಿ.ಸಿ. ರೋಡಿನಲ್ಲಿ ನಾವು ಮೂವರು ಸೇರಿ ನಡೆಸುವ ಲೆಕ್ಕಪತ್ರದ ಆಫೀಸಿನ ವಿಸಿಟಿಂಗ್ ಕಾರ್ಡ್ ಮುಗಿದಿತ್ತು. ಹೊಸದಕ್ಕೆ ಆರ್ಡರ್ ಕೊಡಲು ಹೋದಾಗ ಪ್ರೆಸ್ಸಿನವರು ನಮ್ಮ ಹಳೆಯ ಕಾರ್ಡಿನ ಜೊತೆ ಬೇರೆ ನಾಲ್ಕು ಆಫೀಸುಗಳ ಕಾರ್ಡನ್ನೂ ಮೇಜಿನ ಮೇಲೆ ಹರಡಿದರು, ಅಕ್ಷರದ ಮಾದರಿ ಆರಿಸಲಿ ಅಂತ. ಹೆಸರಿನ ಭಾಗಕ್ಕೆ ಬೆರಳಿಟ್ಟು ಓದಿದೆವು. ಐದರಲ್ಲೂ ಒಂದೇ ಮಾತು: ಜಿಎಸ್‌ಟಿ, ಆದಾಯ ತೆರಿಗೆ, ಅಕೌಂಟಿಂಗ್, ವಿಶ್ವಾಸಾರ್ಹ ಸೇವೆ, ಮಿತ ದರ. ನಮ್ಮದು ಯಾವುದು ಅಂತ ನಮಗೇ ಗೊತ್ತಾಗಲಿಲ್ಲ.

ನಗು ಬಂತು, ಆದರೆ ಅದರ ಹಿಂದೆ ಒಂದು ಚಿಂತೆಯೂ ಇತ್ತು. ಹೊಸಬರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಯಾವಾಗಲೂ 'ನಿಮ್ಮದು ಫೀಸ್ ಎಷ್ಟು?' ಎಂದೇ. ನಾವು ಹೇಳಿದ ಮೊತ್ತಕ್ಕಿಂತ ಇನ್ನೂರು ರೂಪಾಯಿ ಕಡಿಮೆಗೆ ಮಾಡುವವರು ಪಕ್ಕದ ಕಟ್ಟಡದಲ್ಲೇ ಉಂಟು. ಎಲ್ಲರ ಮಾತೂ ಒಂದೇ ಆದಾಗ ಗಿರಾಕಿಗೆ ಹೋಲಿಸಲು ಉಳಿಯುವುದು ದರ ಮಾತ್ರ. ಅದು ಅವರ ತಪ್ಪಲ್ಲ.

ಮೊದಲು ನಾವು ಮಾಡಿದ್ದು ಪದಗಳನ್ನು ತಿರುಗಿಸಿ ನೋಡುವ ಕೆಲಸ. 'ವಿಶ್ವಾಸಾರ್ಹ' ಅಂತ ಬರೆದಿದ್ದೇವಲ್ಲ, ಇದರ ವಿರುದ್ಧ ಪದವನ್ನು ಯಾರಾದರೂ ಬೋರ್ಡಿನಲ್ಲಿ ಹಾಕುತ್ತಾರಾ? 'ನಂಬಲು ಕಷ್ಟ, ದರ ದುಬಾರಿ' ಅಂತ ಯಾರೂ ಹಾಕುವುದಿಲ್ಲ. ಹಾಗಾದರೆ ಆ ಪದಕ್ಕೆ ತೂಕವೇ ಇಲ್ಲ. ಹೀಗೆ ಒಂದೊಂದೇ ಹೊಡೆದು ಹಾಕುತ್ತಾ ಹೋದರೆ ಕಾರ್ಡಿನಲ್ಲಿ ಉಳಿದದ್ದು ಹೆಸರು ಮತ್ತು ಫೋನ್ ನಂಬರ್.

ಆಮೇಲೆ ಫೀಸಿನ ಪುಸ್ತಕ ತೆಗೆದು ಕೂತೆವು. ಯಾರು ಬಂದರು, ಯಾವ ಕೆಲಸಕ್ಕೆ ಬಂದರು, ಅವರನ್ನು ಕಳುಹಿಸಿದ್ದು ಯಾರು ಅಂತ ಹೆಸರಿನ ಎದುರು ಬರೆದೆವು. ಅಂಗಡಿಯವರು ಹೆಚ್ಚಿನವರು ಹತ್ತಿರ ಅಂತ ಬಂದವರು. ಆದರೆ ದೂರದ ಊರಿನಿಂದ, ಇನ್ನೊಬ್ಬರ ಮಾತು ಕೇಳಿ ಬಂದವರು ಬಹುಪಾಲು ಒಂದೇ ಜಾತಿಯ ಕೆಲಸಕ್ಕೆ ಬಂದಿದ್ದರು. ಮಗ ಅಥವಾ ಅಳಿಯ ಗಲ್ಫ್‌ನಲ್ಲಿದ್ದಾನೆ, ಊರಲ್ಲಿ ಅವನ ಹೆಸರಲ್ಲಿ ಜಾಗ ಉಂಟು, ಈಗ ಮಾರಬೇಕು. ನಾವು ಕಾರ್ಡಿನಲ್ಲಿ ಒಂದು ಅಕ್ಷರವೂ ಬರೆಯದ ಕೆಲಸ ಇದು!

ಅವರಲ್ಲಿ ಒಬ್ಬ ಕಾಕ ಬಂದದ್ದು ಚೆನ್ನಾಗಿ ನೆನಪಿದೆ. ಮಗನ ಜಾಗ 45 ಲಕ್ಷಕ್ಕೆ ಮಾತಾಗಿತ್ತು, ಅಡ್ವಾನ್ಸೂ ಬಂದಿತ್ತು. "ಮೋನೇ, 50 ಲಕ್ಷದ ಒಳಗೆ ಟಿಡಿಎಸ್ ಇಲ್ಲ ಅಂತ ಎಲ್ಲರೂ ಹೇಳ್ತಾರಲ್ಲ?" ಅಂದರು. ಎಲ್ಲರೂ ಹೇಳುವುದು ನಿಜವೇ, ಆದರೆ ಅದು ಮಾರುವವರು ಇಲ್ಲಿನ ನಿವಾಸಿಯಾಗಿದ್ದರೆ ಮಾತ್ರ. ಮಾರುವವರು ಅನಿವಾಸಿಯಾದರೆ 50 ಲಕ್ಷದ ವಿನಾಯಿತಿ ಇಲ್ಲ, ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ಹಣ ಕೊಡಬೇಕು. ಆಧಾರ್, ರೇಷನ್ ಕಾರ್ಡ್, ಮನೆ ಎಲ್ಲ ಇಲ್ಲೇ ಇದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷ ಎಷ್ಟು ದಿನ ದೇಶದಲ್ಲಿದ್ದರು ಎಂಬುದನ್ನು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸಬೇಕು.

ಹಿಡಿಯುವುದು ಎಷ್ಟು? ಜಾಗ ಕೊಂಡದ್ದು 25 ಲಕ್ಷಕ್ಕೆ, ಅದೂ ಎರಡು ವರ್ಷಕ್ಕಿಂತ ಹಿಂದೆ. ಲಾಭ 20 ಲಕ್ಷ. ಅದರ ಮೇಲೆ ಶೇ. 12.5 ಅಂದರೆ 2.5 ಲಕ್ಷ, ಸೆಸ್ ಸೇರಿ 2 ಲಕ್ಷದ 60 ಸಾವಿರ. ನಿಜವಾದ ತೆರಿಗೆ ಇಷ್ಟೇ. ಆದರೆ ಕೊಳ್ಳುವವರಿಗೆ ಲಾಭ ಎಷ್ಟೆಂದು ತಾವೇ ತೀರ್ಮಾನಿಸುವ ಅಧಿಕಾರ ಇಲ್ಲ. ತೊಂದರೆ ಬೇಡವೆಂದು ಪೂರ್ತಿ 45 ಲಕ್ಷದ ಮೇಲೆ ಹಿಡಿದರೆ 5 ಲಕ್ಷದ 85 ಸಾವಿರ ಹೋಗುತ್ತದೆ. ಹೆಚ್ಚಾದ 3 ಲಕ್ಷದ 25 ಸಾವಿರ ಸಿಗಬೇಕಾದರೆ ರಿಟರ್ನ್ ಹಾಕಿ, ರೀಫಂಡ್ ಬರುವವರೆಗೆ ಕಾಯಬೇಕು. ಮಗಳ ಮದುವೆಗೆಂದು ಜಾಗ ಮಾರಿದವರಿಗೆ ಆ ಕಾಯುವಿಕೆ ಎಂಥದ್ದು ಅಂತ ನಿಮಗೇ ಗೊತ್ತು. ಇನ್ನು ಕೊಳ್ಳುವವರು ಏನೂ ಹಿಡಿಯದೆ ಬಿಟ್ಟರೆ ಮುಂದೆ ನೋಟೀಸು ಬರುವುದು ಅವರಿಗೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಮಾರುವವರು ಮೊದಲೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ, ಲಾಭದ ಲೆಕ್ಕ ತೋರಿಸಿ, ಕಡಿಮೆ ಹಿಡಿಯುವ ಸರ್ಟಿಫಿಕೇಟ್ ಪಡೆಯಬಹುದು. ಆದರೆ ಅದು ಹಣ ಕೈ ಬದಲಾಗುವ ಮೊದಲೇ ಆಗಬೇಕು, ಅಡ್ವಾನ್ಸೂ ಆ ಹಣದ ಭಾಗವೇ. ಕಾಕನ ಅಡ್ವಾನ್ಸ್ ಆಗಲೇ ಬಂದಿದ್ದರಿಂದ ಉಳಿದ ಮೊತ್ತಕ್ಕೆ ಮಾತ್ರ ಅರ್ಜಿ ಹಾಕಲು ಸಾಧ್ಯವಾಯಿತು. ಹೋಗುವಾಗ ಅವರು ಹೇಳಿದ ಮಾತು: "ಇದನ್ನು ಬೋರ್ಡಿನಲ್ಲಿ ಬರೆದಿದ್ದರೆ ನಾನು ಮೊದಲೇ ಬರ್ತಿದ್ದೆ."

ನಾವು ಹುಡುಕುತ್ತಿದ್ದ ಸಾಲು ಅಲ್ಲೇ ಇತ್ತು. ಆದರೂ ಬರೆಯಲು ಕೂತಾಗ ಕೈ ಹಳೇ ದಾರಿಗೇ ಹೋಯಿತು. ಮೊದಲ ಕರಡು: 'ಅನಿವಾಸಿಗಳ ತೆರಿಗೆಯಲ್ಲಿ ಪರಿಣತರು'. ಹೆಸರು ಮುಚ್ಚಿ ನೋಡಿದರೆ ಇದನ್ನೂ ನಾಳೆ ಯಾರು ಬೇಕಾದರೂ ಹಾಕಬಹುದು. ಎರಡನೆಯದು: '30 ದಿನದಲ್ಲಿ ಸರ್ಟಿಫಿಕೇಟ್'. ಕೇಳಲು ಚಂದ, ಆದರೆ ಕೊಡುವುದು ಇಲಾಖೆಯ ಅಧಿಕಾರಿ, ನಾವಲ್ಲ. ನಮ್ಮ ಕೈಯಲ್ಲಿಲ್ಲದ್ದನ್ನು ಬರೆದರೆ ಒಂದೇ ವರ್ಷದಲ್ಲಿ ಹೆಸರು ಹಾಳು. ಹೊಡೆದು ಹಾಕಿದೆವು.

ಕೊನೆಗೆ ಹೀಗೆ ಬರೆದೆವು: 'ಗಲ್ಫ್‌ನಲ್ಲಿರುವವರ ಜಾಗ ಮಾರುವುದಿದ್ದರೆ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ಬನ್ನಿ. ತೆರಿಗೆ ನಿಜಕ್ಕೂ ಎಷ್ಟು, ಕೊಳ್ಳುವವರು ಹಿಡಿಯುವುದು ಎಷ್ಟು ಎಂಬ ಲೆಕ್ಕವನ್ನು 2 ದಿನದಲ್ಲಿ ಬರೆದು ಕೊಡುತ್ತೇವೆ. ದಾಖಲೆ ಪೂರ್ತಿ ಸಿಕ್ಕಿದ 7 ದಿನದಲ್ಲಿ ಅರ್ಜಿ ಹಾಕುತ್ತೇವೆ.' ಉದ್ದವಾಯಿತು, ನಿಜ. ಆದರೆ ಇದರಲ್ಲಿ ಯಾರಿಗೆ, ಯಾವಾಗ, ಏನು ಎಂಬುದು ಉಂಟು, ಮಾತು ತಪ್ಪಿದರೆ ಹಿಡಿದು ಕೇಳಲೂ ಆಗುತ್ತದೆ. ಪಕ್ಕದವರು ನಕಲು ಮಾಡಬಹುದು, ಮಾಡಲಿ. ಆ 2 ದಿನ, 7 ದಿನದ ಮಾತು ಉಳಿಸಿಕೊಳ್ಳಲು ಮೊದಲು ಆ ಕೆಲಸ ಗೊತ್ತಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಯಾರೂ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಸಿಎ ಆದವರು ಜಾಹೀರಾತು ಕೊಟ್ಟು ಗಿರಾಕಿ ಸೆಳೆಯುವುದಕ್ಕೆ 1949ರ ಸಿಎ ಕಾಯ್ದೆಯಲ್ಲೇ ಮಿತಿ ಉಂಟು. ಅಂಥ ಆಫೀಸಿನವರು ಇಂಥ ಸಾಲನ್ನು ಎಲ್ಲಿ ಬರೆಯಬಹುದು, ಎಲ್ಲಿ ಬರೆಯಬಾರದು ಅಂತ ತಮ್ಮ ಸಂಸ್ಥೆಯ ಈಗಿನ ನಿಯಮ ನೋಡಿಯೇ ಮುಂದುವರಿಯಬೇಕು. ಎದುರು ಕೂತವರಿಗೆ ಬಾಯಲ್ಲಿ ಸ್ಪಷ್ಟವಾಗಿ ವಿವರಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಹೊಸ ಕಾರ್ಡ್ ನೋಡಿದ ಹಳೇ ಗಿರಾಕಿ, ದಿನಸಿ ಅಂಗಡಿಯವರು, "ನಮ್ಮ ಜಿಎಸ್‌ಟಿ ಇನ್ನು ಮಾಡೂದಿಲ್ವಾ ಮಾರಾಯ್ರೇ?" ಅಂತ ಗಾಬರಿಯಿಂದ ಕೇಳಿದರು. ಅದು ನಾವು ಯೋಚಿಸದೇ ಇದ್ದ ವಿಷಯ. ಕಾರ್ಡಿನ ಹಿಂಬದಿಯಲ್ಲಿ ಅಂಗಡಿ ಲೆಕ್ಕದ ಬಗ್ಗೆ ಒಂದು ಸಾಲು ಸೇರಿಸಿದೆವು: 5ನೇ ತಾರೀಕಿನೊಳಗೆ ಬಿಲ್ಲು ಕೊಟ್ಟರೆ 10ರೊಳಗೆ ಮಾರಾಟದ ರಿಟರ್ನ್ ಹೋಗುತ್ತದೆ ಅಂತ. ಕೊನೆಯ ದಿನ 11 ಆದ್ದರಿಂದ ಒಂದು ದಿನ ಕೈಯಲ್ಲಿ ಉಳಿಯುತ್ತದೆ.

ಫೋನುಗಳ ಸಂಖ್ಯೆ ಏನೂ ಭಾರಿ ಹೆಚ್ಚಲಿಲ್ಲ. ಆದರೆ ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಹೊಸಬರ ಮೊದಲ ಪ್ರಶ್ನೆ ಏನೆಂದು ಬರೆಯುತ್ತಾ ಬಂದಿದ್ದೇವೆ. ಫೀಸ್ ಎಷ್ಟು ಎಂಬುದು ಈಗಲೂ ಬರುತ್ತದೆ, ಎರಡನೆಯದೋ ಮೂರನೆಯದೋ ಆಗಿ. ಕಳೆದ ವಾರ ಜುಬೈಲಿನಿಂದ ಫೋನ್ ಮಾಡಿದ ಹುಡುಗನ ಮೊದಲ ಮಾತು ಹೀಗಿತ್ತು: "ಕಾಕಾ, ಪಾರ್ಟಿ ನಾಳೆ ಅಡ್ವಾನ್ಸ್ ಕೊಡ್ತಾರಂತೆ, ತಗೊಳ್ಬಹುದಾ?"