ನಾಲ್ಕನೇ ಲೇನಿನ ಹನ್ನೆರಡು ಮೀಟರ್

ಡಿಸೆಂಬರ್ ಎರಡನೇ ವಾರ ಶಾಲಾ ಕ್ರೀಡಾದಿನ ಎಂದು ಮೆಮೊ ಪುಸ್ತಕದಲ್ಲಿ ಬರೆದು ಶಿಕ್ಷಕರೆಲ್ಲರ ಸಹಿ ಪಡೆದ ಮೇಲೆ ಬಹಳಷ್ಟು ಶಾಲೆಗಳಲ್ಲಿ ಮೊದಲು ಶುರುವಾಗುವುದು ಪಥಸಂಚಲನದ ತಾಲೀಮು. ಡ್ರಮ್ ಹೊರಬರುತ್ತದೆ, ಮಕ್ಕಳು ಸಾಲು ನಿಲ್ಲುತ್ತಾರೆ, ತಯಾರಿ ಜೋರಾಗಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಕ್ರೀಡಾದಿನದ ಸಂಜೆ ಪೋಷಕರು ದೈಹಿಕ ಶಿಕ್ಷಕರನ್ನು ಸುತ್ತುವರಿದು ವಾದಕ್ಕಿಳಿಯುವುದು ಮಕ್ಕಳ ಹೆಜ್ಜೆ ತಪ್ಪಿತೆಂದಲ್ಲ. ಓಟದ ಅಳತೆ, ವಯಸ್ಸಿನ ಗುಂಪು, ಆಯ್ಕೆಯ ರೀತಿ, ಈ ಮೂರರ ಮೇಲೇ ಜಗಳ. ಮೂರೂ ಇತ್ಯರ್ಥವಾಗಬೇಕಾದದ್ದು ಆರು ವಾರಗಳ ಮೊದಲರ್ಧದಲ್ಲಿ.

ರಾಜ್ಯೋತ್ಸವ ಮುಗಿದ ವಾರವೇ ಈ ಲೆಕ್ಕ ಆರಂಭಿಸಲು ಸರಿಯಾದ ಸಮಯ. ಹೋಬಳಿ, ತಾಲ್ಲೂಕು ಮಟ್ಟದ ಕೂಟಗಳು ಮುಗಿದಿರುತ್ತವೆ, ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆಗಳು ಇನ್ನೂ ದೂರ. ಉದಾಹರಣೆಗೆ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳೋಣ. ನಾಲ್ಕು ನೂರು ಮಕ್ಕಳು. ಕಾವೇರಿ, ತುಂಗಾ, ಕೃಷ್ಣಾ, ಶರಾವತಿ ಎಂಬ ನಾಲ್ಕು ಹೌಸ್‌ಗಳು. ಕಾಂಪೌಂಡಿನೊಳಗೆ 100 ಮೀಟರ್ ಉದ್ದ, 55 ಮೀಟರ್ ಅಗಲದ ಮೈದಾನ. ಪಟ್ಟಣಗಳ ಎಷ್ಟೋ ಶಾಲೆಗಳಿಗೆ ಇಷ್ಟು ಜಾಗವೂ ಇರುವುದಿಲ್ಲ.

ಮೊದಲ ವಾರ ಕೈಗೆ ಬರಬೇಕಾದದ್ದು ಟೇಪು. ಈ ಮೈದಾನದಲ್ಲಿ 100 ಮೀಟರ್ ಓಟ ಸಾಧ್ಯವೇ? ಓಟದ ಉದ್ದ ನೂರು. ಆರಂಭದ ಗೆರೆಯ ಹಿಂದೆ ನಿಲ್ಲಲು 3 ಮೀಟರ್, ಗುರಿ ದಾಟಿದ ಮೇಲೆ ವೇಗ ಇಳಿಸಲು 17 ಮೀಟರ್ ಬೇಕು. ಒಟ್ಟು 120. ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು 114. ಆದರೂ ನೂರು ಮೀಟರೇ ಬೇಕೆಂದು ಹಟ ಹಿಡಿದರೆ ಗೆದ್ದ ಮಗು ನೇರ ಕಾಂಪೌಂಡ್ ಗೋಡೆಗೆ ಕೈ ಕೊಡುತ್ತದೆ. ಮಣಿಕಟ್ಟು ಮುರಿಯುವುದು ಹೀಗೆಯೇ. 80 ಮೀಟರ್ ಓಟ ಇಟ್ಟರೆ ಮೂರು, ಎಂಬತ್ತು, ಹದಿನೇಳು ಸೇರಿ ಸರಿಯಾಗಿ ನೂರಾಗುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಇದು ತೀರ್ಮಾನವಾಗಿರಬೇಕು.

200 ಮೀಟರ್ ಸುತ್ತಿನ ಟ್ರ್ಯಾಕ್ ಮಾತ್ರ ಇಲ್ಲಿ ಸಲೀಸಾಗಿ ಕೂರುತ್ತದೆ. ಎರಡು ಬದಿಗೂ 40 ಮೀಟರ್ ನೇರ ದಾರಿ, ಎರಡು ತುದಿಗೆ ಅರ್ಧವೃತ್ತ. ಅರ್ಧವೃತ್ತ ಎಳೆಯಲು ನಡುವೆ ಗೂಟ ಹೊಡೆದು 18.90 ಮೀಟರ್ ಉದ್ದದ ದಾರ ಹಿಡಿದು ಸುತ್ತಬೇಕು. ಓಡುವವರು ಒಳಗೆರೆಯ ಮೇಲೇ ಕಾಲಿಡುವುದಿಲ್ಲ, ಅದರಿಂದ 20 ಸೆಂಟಿಮೀಟರ್ ಹೊರಗೆ ಓಡುತ್ತಾರೆಂಬ ಲೆಕ್ಕದಲ್ಲಿ ಈ ಅಳತೆ. ಲೇನಿನ ಅಗಲ 1.22 ಮೀಟರ್. ನಾಲ್ಕು ಲೇನ್ ಹಾಕಿದರೆ ಇಡೀ ಟ್ರ್ಯಾಕಿಗೆ ಸುಮಾರು 88 ಮೀಟರ್ ಉದ್ದ, 48 ಮೀಟರ್ ಅಗಲ ಸಾಕು.

ನಿಜವಾದ ತೊಡಕು ಇದರ ನಂತರದ್ದು. ಹೊರಗಿನ ಲೇನಿನವರು ತಿರುವಿನಲ್ಲಿ ಹೆಚ್ಚು ದೂರ ಸುತ್ತಬೇಕಾಗುವುದರಿಂದ ಅವರನ್ನು ಅಷ್ಟು ಮುಂದೆ ನಿಲ್ಲಿಸುತ್ತಾರೆ. ಈ ಮುನ್ನಡೆಗೆ ಸ್ಟ್ಯಾಗರ್ ಎನ್ನುತ್ತಾರೆ. ಹಳೆಯ ಕೈಪಿಡಿಗಳಲ್ಲಿ 200 ಮೀಟರ್ ಓಟಕ್ಕೆಂದು ಕೊಟ್ಟ ಸ್ಟ್ಯಾಗರ್ ಪಟ್ಟಿ ಇರುವುದು 400 ಮೀಟರಿನ ದೊಡ್ಡ ಟ್ರ್ಯಾಕಿಗೆ. ಅಲ್ಲಿ 200 ಮೀಟರ್ ಎಂದರೆ ಅರ್ಧ ಸುತ್ತು, ಒಂದೇ ತಿರುವು. ಎರಡನೇ ಲೇನಿಗೆ 3.52 ಮೀಟರ್ ಬಿಟ್ಟರೆ ಸಾಕು. ನಮ್ಮ ಶಾಲೆಯಲ್ಲಿ ಅದೇ ಓಟ ಪೂರ್ತಿ ಒಂದು ಸುತ್ತು, ಎರಡೂ ತಿರುವು. ಇಲ್ಲಿ ಎರಡನೇ ಲೇನಿಗೆ 7.67, ಮೂರನೆಯದಕ್ಕೆ 15.33, ನಾಲ್ಕನೆಯದಕ್ಕೆ 23 ಮೀಟರ್ ಬಿಡಬೇಕು. ಪೂರ್ತಿ ಸುತ್ತಿಗೆ ಈ ಅಂತರವನ್ನು ತೀರ್ಮಾನಿಸುವುದು ಲೇನಿನ ಅಗಲವೇ ಹೊರತು ಮೈದಾನದ ಗಾತ್ರವಲ್ಲ. ದೊಡ್ಡ ಟ್ರ್ಯಾಕಿನ ಪಟ್ಟಿಯನ್ನು ಇಲ್ಲಿ ನಕಲು ಮಾಡಿದರೆ ನಾಲ್ಕನೇ ಲೇನಿನ ಹುಡುಗಿ ಮೊದಲ ಲೇನಿನವಳಿಗಿಂತ ಹತ್ತಿರ ಹತ್ತಿರ 12 ಮೀಟರ್ ಹೆಚ್ಚು ಓಡುತ್ತಾಳೆ. ಪ್ರೌಢಶಾಲಾ ವೇಗದಲ್ಲಿ ಅದು ಸುಮಾರು ಎರಡು ಸೆಕೆಂಡು. ನೋಡುವವರಿಗೆ ಇದು ತಿಳಿಯುವುದಿಲ್ಲ. ಆ ಹೌಸ್ ಸೋತಿತು ಎಂದಷ್ಟೇ ತಿಳಿಯುತ್ತದೆ. ಪತ್ತೆಹಚ್ಚುವ ದಾರಿ ಸುಲಭ: ಪ್ರತಿ ಲೇನಿನಲ್ಲೂ ಒಳಗೆರೆಯಿಂದ ಒಂದು ಗೇಣಿನಷ್ಟು ಹೊರಗೆ ಉದ್ದಕ್ಕೂ ಹಗ್ಗ ಹಾಸಿ, ಆರಂಭದಿಂದ ಗುರಿಯವರೆಗೆ ಅಳೆದು ನೋಡುವುದು. ನಾಲ್ಕೂ ಹಗ್ಗ ಒಂದೇ ಉದ್ದ ಬರಬೇಕು.

ಈ ಗುರುತುಗಳನ್ನು ಮೊದಲ ವಾರವೇ ಪುಡಿಯಿಂದ ಎಳೆಯುವುದು ವ್ಯರ್ಥ. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಒಂದು ಮಳೆ ಬಂದರೆ ದಕ್ಷಿಣ ಒಳನಾಡಿನ ಮೈದಾನಗಳಲ್ಲಿ ಎಲ್ಲವೂ ತೊಳೆದುಹೋಗುತ್ತದೆ. ಅನುಭವಿಗಳು ವೃತ್ತದ ಕೇಂದ್ರ, ನೇರ ದಾರಿಯ ಮೂಲೆಗಳು, ಸ್ಟ್ಯಾಗರ್ ಬಿಂದುಗಳಲ್ಲಿ ಉದ್ದನೆಯ ಮೊಳೆಗಳನ್ನು ನೆಲದ ಮಟ್ಟಕ್ಕಿಂತ ತುಸು ಕೆಳಗೆ ಇಳಿಯುವಂತೆ ಹೊಡೆದು, ಅವುಗಳ ಜಾಗವನ್ನು ಕಾಗದದ ನಕ್ಷೆಯಲ್ಲಿ ಬರೆದಿಡುತ್ತಾರೆ. ಕ್ರೀಡಾದಿನದ ಹಿಂದಿನ ಸಂಜೆ ದಾರ ಕಟ್ಟಿ ಗೆರೆ ಎಳೆದರಾಯಿತು. ಎಳೆಯುವುದು ಚಾಕ್ ಪುಡಿಯಲ್ಲಿ, ಗೋಡೆಗೆ ಬಳಿಯುವ ಸುಣ್ಣದಲ್ಲಲ್ಲ. ಬಿದ್ದ ಮಗುವಿನ ಕಣ್ಣಿಗೆ ಸುಣ್ಣ ಹೋದರೆ ಕಣ್ಣೇ ಸುಡುತ್ತದೆ.

ಸಾಮಾನಿನ ಕೋಣೆಯ ಬೀಗ ತೆಗೆಯುವುದು ಎರಡನೇ ವಾರ. ಇಲ್ಲಿ ಟೇಪೇ ಮೊದಲ ಆರೋಪಿ. ತುದಿ ತುಂಡಾದ ಬಟ್ಟೆ ಟೇಪಿಗೆ ಯಾರೋ ಉಂಗುರ ಹೊಲಿದಿರುತ್ತಾರೆ. ಅಲ್ಲಿಂದ ಅಳೆದ ಪ್ರತಿ ಜಿಗಿತಕ್ಕೂ ತುಂಡಾದಷ್ಟು ಸೆಂಟಿಮೀಟರ್ ಪುಕ್ಕಟೆ. ಗುಂಡುಗಳನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ದು ತೂಗಿಸಬೇಕು. ಹದಿನೆಂಟರ ಒಳಗಿನ ಹುಡುಗರಿಗೆ ಅಂತರರಾಷ್ಟ್ರೀಯ ತೂಕ 5 ಕೆಜಿ, ಹುಡುಗಿಯರಿಗೆ 3 ಕೆಜಿ. ಬಣ್ಣ ಬಳಿದ ಹಳೆಯ ಗುಂಡುಗಳ ಮೇಲೆ ಬರೆದ ಅಂಕಿಗೂ ತಕ್ಕಡಿ ತೋರಿಸುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಎಸೆತದ ಗುಂಡು ಬೀಳುವ ಜಾಗ ಗುರುತಿಸಲು ಕೋನಮಾಪಕ ಬೇಕಿಲ್ಲ: ವೃತ್ತದ ಕೇಂದ್ರದಿಂದ 10 ಮೀಟರ್ ಉದ್ದದ ಎರಡು ದಾರ ಎಳೆದು, ಅವುಗಳ ತುದಿಗಳ ನಡುವೆ 6 ಮೀಟರ್ ಅಂತರ ಇಟ್ಟರೆ ನಿಯಮದ ಕೋನ ತಾನಾಗಿ ಬರುತ್ತದೆ.

ಉದ್ದ ಜಿಗಿತದ ಮರಳಿಗೆ ಇನ್ನೂ ಹೆಚ್ಚು ಗಮನ ಬೇಕು. ಮಳೆಗಾಲವಿಡೀ ಬಿದ್ದ ಮರಳು ನೆಲದಷ್ಟೇ ಗಟ್ಟಿಯಾಗಿರುತ್ತದೆ, ನಾಯಿಗಳಿಗೆ ಅದು ಮಲಗುವ ತಾಣ, ಗಾಜಿನ ಚೂರೂ ಸಿಗುತ್ತದೆ. ಒಂದಡಿ ಆಳದವರೆಗೆ ಅಗೆದು, ಜರಡಿ ಹಿಡಿದು, ಮತ್ತೆ ತುಂಬಿದ ಮೇಲೆ ದೊಡ್ಡವರೊಬ್ಬರು ನಿಂತಲ್ಲಿಂದ ಹಾರಿ ನೋಡಬೇಕು. ಹಿಮ್ಮಡಿ ಹೂತರೆ ಸರಿ. ಬರೀ ಗೀರು ಬಿದ್ದರೆ ಇನ್ನೂ ಅಗೆಯಬೇಕು.

ಹೌಸ್ ಟ್ರಯಲ್ಸ್ ನಡೆಯುವುದು ಎರಡನೇ ವಾರದ ಕೊನೆಯಿಂದ ನಾಲ್ಕನೇ ವಾರದವರೆಗೆ. ಅದಕ್ಕೂ ಮುನ್ನ ಮಕ್ಕಳ ಜನ್ಮದಿನಾಂಕವನ್ನು ಶಾಲೆಯ ಸ್ಯಾಟ್ಸ್ ದಾಖಲೆಯಿಂದ ಇಳಿಸಿಕೊಂಡು ಹದಿನಾಲ್ಕರ ಒಳಗಿನವರು, ಹದಿನೇಳರ ಒಳಗಿನವರು ಎಂದು ಪಟ್ಟಿ ಮಾಡಿ ಸೂಚನಾ ಫಲಕಕ್ಕೆ ಅಂಟಿಸಬೇಕು. ಎಂಟನೇ ತರಗತಿ ಒಂದು ಗುಂಪು, ಹತ್ತನೆಯದು ಇನ್ನೊಂದು ಎಂಬ ಸುಲಭದ ಹಂಚಿಕೆ ಬೇಡ. ತಡವಾಗಿ ಶಾಲೆಗೆ ಸೇರಿದ ಮಗುವಿನ ಪಕ್ಕ ಎರಡು ವರ್ಷ ಚಿಕ್ಕವನು ನಿಲ್ಲಬೇಕಾದೀತು.

ಕಾವೇರಿ ಹೌಸಿನಿಂದ 80 ಮೀಟರಿಗೆ ಹದಿನಾರು ಹುಡುಗರು ಹೆಸರು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಫೈನಲ್‌ಗೆ ಪ್ರತಿ ಹೌಸಿನಿಂದ ಇಬ್ಬರು. ನಾಲ್ವರಂತೆ ನಾಲ್ಕು ಹೀಟ್ಸ್ ಓಡಿಸಿ, ಗೆದ್ದ ನಾಲ್ವರನ್ನು ಮಾತ್ರ ಮತ್ತೆ ಓಡಿಸಿ ಇಬ್ಬರನ್ನು ಆರಿಸುವುದು ರೂಢಿ. ಮೊದಲ ಹೀಟ್‌ನಲ್ಲಿ ಇಬ್ಬರು ಗಟ್ಟಿ ಓಟಗಾರರು ಬಿದ್ದು, ಒಬ್ಬ 11.8, ಇನ್ನೊಬ್ಬ 12.0 ಸೆಕೆಂಡಿಗೆ ಮುಗಿಸಿದರೆ? ಮೂರನೇ ಹೀಟ್ ಗೆದ್ದವನ ಸಮಯ 12.6. ರೂಢಿಯಂತೆ ನಡೆದರೆ ಹೌಸಿನ ಎರಡನೇ ವೇಗದ ಹುಡುಗ ಮನೆಗೆ, ಅವನಿಗಿಂತ ನಿಧಾನದವನು ಮುಂದಿನ ಸುತ್ತಿಗೆ. ಗೆಲುವಿನ ಜೊತೆ ಸಮಯವನ್ನೂ ಬರೆದುಕೊಂಡು, ಸಮಯದ ಆಧಾರದಲ್ಲಿ ಅಗ್ರ ನಾಲ್ವರನ್ನು ಮತ್ತೆ ಓಡಿಸುವುದು ನ್ಯಾಯ. ಸ್ಟಾಪ್‌ವಾಚ್ ಹಿಡಿದವರು ಕ್ಲ್ಯಾಪರಿನ ಸದ್ದಿಗೆ ಕಾಯಬಾರದು, ಹಲಗೆಗಳು ಕೂಡುವುದನ್ನು ಕಣ್ಣಲ್ಲಿ ಕಂಡು ಗುಂಡಿ ಒತ್ತಬೇಕು. 80 ಮೀಟರ್ ದೂರದಿಂದ ಸದ್ದು ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಹೋಲಿಸುತ್ತಿರುವುದೇ ಹತ್ತನೇ ಒಂದು ಸೆಕೆಂಡುಗಳನ್ನು!

ಒಂದು ಹೀಟ್‌ಗೆ ಸಾಲು ನಿಲ್ಲಿಸಿ, ಓಡಿಸಿ, ಬರೆದುಕೊಳ್ಳಲು ಐದು ನಿಮಿಷ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಒಂದು ಹೌಸಿನ ಒಂದು ವಯೋಗುಂಪಿನ ಹುಡುಗರು, ಹುಡುಗಿಯರ ಹೀಟ್ಸ್ ಮುಗಿಯಬಹುದು, ಅಷ್ಟೇ. ನಾಲ್ಕು ಹೌಸ್, ಎರಡು ವಯೋಗುಂಪು ಎಂದರೆ ಈ ಒಂದೇ ಓಟಕ್ಕೆ ಎಂಟು ಪೀರಿಯಡ್. ಟ್ರಯಲ್ಸ್‌ಗೆ ಎರಡೂವರೆ ವಾರ ಬೇಕೆನ್ನುವುದು ಇದಕ್ಕೇ. ಅದೇ ಹೊತ್ತಿಗೆ ಮೈದಾನದ ಇನ್ನೊಂದು ಮೂಲೆಯಲ್ಲಿ ಗಣಿತದ ಮೇಷ್ಟ್ರೋ ಕನ್ನಡದ ಮೇಡಮ್ಮೋ ಬೇರೆ ಹೌಸಿನ ಗುಂಡು ಎಸೆತ ನೋಡಿಕೊಂಡರೆ ಕೆಲಸ ಸಾಗುತ್ತದೆ. ದೈಹಿಕ ಶಿಕ್ಷಕರೊಬ್ಬರೇ ಎಳೆಯುವ ತೇರಲ್ಲ ಇದು.

ಪಥಸಂಚಲನಕ್ಕೆ ಕೊನೆಯ ಮೂರು ವಾರ, ದಿನಕ್ಕೆ ಇಪ್ಪತ್ತು ನಿಮಿಷ ಧಾರಾಳ ಸಾಕು. ನಿಮಿಷಕ್ಕೆ 120 ಹೆಜ್ಜೆ, ಮಕ್ಕಳ ಹೆಜ್ಜೆ ಸುಮಾರು 60 ಸೆಂಟಿಮೀಟರ್ ಎಂದರೆ ನಿಮಿಷಕ್ಕೆ 72 ಮೀಟರ್. ಇಡೀ ಟ್ರ್ಯಾಕ್ ಸುತ್ತಲು ಮೂರು ನಿಮಿಷವೂ ಬೇಡ. ನಾಲ್ಕು ತುಕಡಿ ಒಂದರ ಹಿಂದೊಂದು ಹೋದರೂ ಐದು ನಿಮಿಷದೊಳಗೆ ಮುಗಿಯುತ್ತದೆ. ಈ ಐದು ನಿಮಿಷಕ್ಕಾಗಿ ವಾರಗಟ್ಟಲೆ ಮಧ್ಯಾಹ್ನಗಳನ್ನು ಬಿಸಿಲಿಗೆ ಒಪ್ಪಿಸುವುದು ಅತಿ.

ಕಲಿಸಬೇಕಾದದ್ದು ಕೆಲವೇ ಸಂಗತಿ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ನೆಲಕ್ಕೆ ಬೀಳಬೇಕು. ಹೆಜ್ಜೆಯ ಅಳತೆಯನ್ನು ಮುಂದಿನ ಎತ್ತರದ ಹುಡುಗ ನಿರ್ಧರಿಸಬಾರದು, ತುಕಡಿಯ ಅತಿ ಚಿಕ್ಕವನಿಗೆ ಎಟಕುವಷ್ಟಿರಬೇಕು. ಹಾಗಲ್ಲದೆ ಹೋದರೆ ಹಿಂದಿನವರು ಓಡುತ್ತಾ ಸಾಲು ಸೇರಿಕೊಳ್ಳುವುದು ಕಾಣುತ್ತದೆ. ತಿರುವಿನಲ್ಲಿ ಒಳಸಾಲಿನವರು ಹೆಜ್ಜೆ ಮೊಟಕು ಮಾಡಿ, ಹೊರಸಾಲಿನವರು ಹಿಗ್ಗಿಸಬೇಕು. ಟ್ರ್ಯಾಕಿನಲ್ಲಿ ಓಡುವ ದಿಕ್ಕಿನಲ್ಲೇ ನಡೆದರೆ ಹೊರಗಿರುವ ವೇದಿಕೆ ಬಲಕ್ಕೆ ಬರುತ್ತದೆ. ‘ದಾಹಿನೇ ದೇಖ್’ ಎಂದಾಗ ಎಲ್ಲರೂ ಬಲಕ್ಕೆ ಕತ್ತು ಹೊರಳಿಸಿದರೂ ಬಲಸಾಲಿನ ಮುಂದಾಳು ನೇರವೇ ನೋಡಬೇಕು. ಅವನೂ ತಿರುಗಿದರೆ ಇಡೀ ತುಕಡಿ ನಿಧಾನವಾಗಿ ವೇದಿಕೆಯತ್ತ ವಾಲುತ್ತದೆ. ತಾಲೀಮು ಬೆಳಗ್ಗೆ, ಶಾಲೆಯಲ್ಲಿ ಹಾಲು ಕೊಟ್ಟ ನಂತರವೇ ಇರಲಿ.

ಐದನೇ ವಾರ 200 ಮೀಟರಿನ ಹೀಟ್ಸ್ ಮುಗಿಸಿ, ಕ್ರೀಡಾದಿನಕ್ಕೆ ಫೈನಲ್ ಮಾತ್ರ ಉಳಿಸಿಕೊಳ್ಳಬೇಕು. ಆರನೇ ವಾರ ಒಂದೇ ಒಂದು ಪೂರ್ಣ ತಾಲೀಮು, ಬಹುಮಾನದ ಮೇಜಿನಿಂದ ಹಿಡಿದು ನೀರಿನ ಡ್ರಮ್ಮಿನವರೆಗೆ.

ಮುಖ್ಯ ಶಿಕ್ಷಕರಲ್ಲಿ ಒಂದು ಮನವಿ: ಪಥಸಂಚಲನ ಮುಗಿದ ತಕ್ಷಣ ಮಕ್ಕಳನ್ನು ನೆರಳಿನಲ್ಲಿ ಕೂರಿಸಿ, ಅತಿಥಿಗಳ ಭಾಷಣ ಆಮೇಲೆ ಇಟ್ಟುಕೊಳ್ಳಿ. ಕ್ರೀಡಾದಿನದಂದು ತಲೆಸುತ್ತಿ ಬೀಳುವ ಮಕ್ಕಳಲ್ಲಿ ಹೆಚ್ಚಿನವರು ಓಡುವಾಗ ಬೀಳುವುದಿಲ್ಲ, ಮಂಡಿ ಬಿಗಿಹಿಡಿದು ಬಿಸಿಲಲ್ಲಿ ಅಲ್ಲಾಡದೆ ನಿಂತಾಗ ಬೀಳುತ್ತಾರೆ.