ಒಂದೇ ವಾರದಲ್ಲಿ ಮೂರು ಹಬ್ಬ, ಒಂದು ಕೆಫೆ

2024ರ ಏಪ್ರಿಲ್ 9, ಮಂಗಳವಾರ ಚಾಂದ್ರಮಾನ ಯುಗಾದಿ. ಮರುದಿನವೇ ಮಂಗಳೂರಿನಲ್ಲಿ ಈದ್. ಅದೇ ಭಾನುವಾರ, 14ರಂದು ತುಳುವರ ಬಿಸು, ಮಲಯಾಳಿಗಳ ವಿಷು, ಜೊತೆಗೆ ಅಂಬೇಡ್ಕರ್ ಜಯಂತಿ. ಈಸ್ಟರ್ ಮುಗಿದು ಇನ್ನೂ ಹತ್ತು ದಿನವಾಗಿರಲಿಲ್ಲ. ಕದ್ರಿಯ ಕಡೆ ಒಂದು ಕೆಫೆ ಇದೆ ಎಂದುಕೊಳ್ಳೋಣ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ಹಿರಿಯರು, ಕೇರಳದ ನರ್ಸಿಂಗ್ ವಿದ್ಯಾರ್ಥಿನಿಯರು, ಬ್ಯಾರಿ ವ್ಯಾಪಾರಿಗಳು, ಕೊಂಕಣಿ ಕ್ರೈಸ್ತ ಕುಟುಂಬಗಳು, ಬೆಳ್ಳುಳ್ಳಿ ಇದೆಯಾ ಎಂದು ಕೇಳಿಯೇ ಕೂರುವ ಜೈನ ದಂಪತಿ, ದೇವರ ಗೊಡವೆಯೇ ಬೇಡವೆನ್ನುವ ಸಾಫ್ಟ್‌ವೇರ್ ಹುಡುಗರು, ಎಲ್ಲರೂ ಇದರ ಗಿರಾಕಿಗಳು. ಇಂಥ ಕೆಫೆಯ ಮಾಲೀಕ ಆ ವಾರ ಇನ್‌ಸ್ಟಾಗ್ರಾಮಿಗೆ, ವಾಟ್ಸಾಪ್ ಸ್ಟೇಟಸ್ಸಿಗೆ, ಕ್ಯಾಶ್ ಕೌಂಟರಿನ ಪಕ್ಕದ ಬೋರ್ಡಿಗೆ ಏನು ಬರೆಯಬೇಕು?

ಸಾಮಾನ್ಯವಾಗಿ ಡಿಸೈನ್ ಮಾಡುವ ಹುಡುಗ ಕಳಿಸುವ ಮೊದಲ ಪ್ರತಿ ಹೀಗಿರುತ್ತದೆ: ‘ಸಮಸ್ತ ಜನತೆಗೆ ಹಿಂದೂ ಹೊಸ ವರ್ಷ ಯುಗಾದಿಯ ಹಾರ್ದಿಕ ಶುಭಾಶಯಗಳು. ಬನ್ನಿ, ಎಲ್ಲರೂ ಒಟ್ಟಾಗಿ ಆಚರಿಸೋಣ. ಇಂದು ಎಲ್ಲ ತಿನಿಸಿಗೂ ಶೇಕಡಾ 20 ರಿಯಾಯಿತಿ.’ ಮೇಲೆ ಮಾವಿನ ತೋರಣ, ಕೆಳಗೆ ಕೆಫೆಯ ಲೋಗೊ. ನೋಡಲು ಚೆಂದವೇ. ಆದರೆ ‘ಹಿಂದೂ ಹೊಸ ವರ್ಷ’ ಎಂದಾಗ ಮೊದಲು ಹೊರಗುಳಿಯುವವರು ಮುಸ್ಲಿಮರೋ ಕ್ರೈಸ್ತರೋ ಅಲ್ಲ, ಹಿಂದೂಗಳೇ. ಕರಾವಳಿಯ ತುಳುವರಿಗೆ ವರ್ಷ ಹುಟ್ಟುವುದು ಸೌರಮಾನದ ಲೆಕ್ಕದಲ್ಲಿ, ಬಿಸುವಿನಂದು. ಪಕ್ಕದ ಮೇಜಿನ ಮಲಯಾಳಿಗೂ ತಮಿಳರಿಗೂ ಸರಿಸುಮಾರು ಅದೇ ದಿನ. 9ನೇ ತಾರೀಕಿನ ಹೊಸ ವರ್ಷ ಕನ್ನಡಿಗರದು, ತೆಲುಗರದು, ಮರಾಠಿಗರ ಗುಡಿ ಪಾಡ್ವಾ, ಕೊಂಕಣಿಗರ ಸಂಸಾರ್ ಪಾಡ್ವೊ. ಒಂದು ಧರ್ಮದ ಹೆಸರು ಹಚ್ಚಿದ ಕೂಡಲೇ ಊರಿನ ಅರ್ಧ ಪಂಚಾಂಗ ತಪ್ಪಿಹೋಗುತ್ತದೆ.

‘ಎಲ್ಲರೂ ಆಚರಿಸೋಣ’ ಎಂಬ ಮಾತೂ ಅಷ್ಟೇ. ಬರೆದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಅಂದು ರಂಜಾನಿನ 29ನೇ ಉಪವಾಸ. ಹಗಲಿಡೀ ನೀರೂ ಮುಟ್ಟದವರನ್ನು ತಿಂಡಿಗೆ ಕರೆದಂತಾಯಿತು. ‘ಆಚರಿಸುವ ಎಲ್ಲರಿಗೂ’ ಎಂದು ತಿದ್ದಿದರೆ ಸಾಕು. ಹಬ್ಬ ಯಾರದೋ ಅವರಿಗೆ ಹಾರೈಕೆ ತಲುಪುತ್ತದೆ, ಉಳಿದವರಿಗೆ ಅದು ಸುದ್ದಿಯಾಗಿ ತಲುಪುತ್ತದೆ, ಒತ್ತಾಯವಾಗಿ ಅಲ್ಲ.

ಇದನ್ನೆಲ್ಲ ಹೇಳಿದರೆ ಕೆಲವು ಮಾಲೀಕರು ಕೈ ಚೆಲ್ಲಿ, ಓಂ, ಚಂದ್ರ, ಶಿಲುಬೆ ಮೂರನ್ನೂ ಒಂದೇ ಚಿತ್ರದಲ್ಲಿ ಕೂರಿಸಿ ‘ಸರ್ವರಿಗೂ ಹಬ್ಬದ ಶುಭಾಶಯ’ ಎಂದು ಬರೆಸುತ್ತಾರೆ. ನನಗೆ ಇದು ಮೊದಲಿನದಕ್ಕಿಂತ ಕೆಟ್ಟದ್ದು ಅನಿಸುತ್ತದೆ. ಯಾವ ಹಬ್ಬವೆಂದು ಹೇಳದ ಶುಭಾಶಯ ಯಾರಿಗೂ ಸಿಕ್ಕಿದಂತಾಗುವುದಿಲ್ಲ. ಬರಿದಾಗಿ ಬಿಟ್ಟರೂ ಗಲಾಟೆ ತಪ್ಪುತ್ತದೆ ಎನ್ನುವ ಹಾಗಿಲ್ಲ. 2015ರಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ಚಳಿಗಾಲದ ಹಬ್ಬಗಳ ಲೋಟದಿಂದ ಚಿತ್ರಗಳನ್ನೆಲ್ಲ ತೆಗೆದು ಬರೀ ಕೆಂಪು ಬಣ್ಣ ಉಳಿಸಿದಾಗ, ಕ್ರಿಸ್ಮಸ್ಸನ್ನೇ ಅಳಿಸಿದರು ಎಂದು ಒಂದು ವರ್ಗ ಸಿಟ್ಟಿಗೆದ್ದಿತು. ಹಿಂದಿನ ಲೋಟಗಳ ಮೇಲೆ ಇದ್ದದ್ದೂ ಬಹುಮಟ್ಟಿಗೆ ಹಿಮದ ಹರಳು, ಹಿಮಸಾರಂಗದಂಥ ಚಿತ್ರಗಳೇ ಎಂಬುದು ಬೇರೆ ಮಾತು.

ಆದ್ದರಿಂದ ಒಂದು ಹಬ್ಬಕ್ಕೆ ಒಂದು ಪೋಸ್ಟ್, ಹೆಸರು ಹಿಡಿದು. ನಮ್ಮ ಕೆಫೆಯ ಯುಗಾದಿ ಪೋಸ್ಟನ್ನು ಮತ್ತೆ ಬರೆಯೋಣ: ‘ಇಂದು ಯುಗಾದಿ. ಆಚರಿಸುವ ಎಲ್ಲರಿಗೂ ಹೊಸ ವರ್ಷದ ಶುಭಾಶಯ. ಅಡುಗೆಮನೆಯ ಕೆಲವರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಹಾಗಾಗಿ ಇವತ್ತು ಬೆಳಿಗ್ಗೆ 10ಕ್ಕೆ ತೆರೆಯುತ್ತೇವೆ. ಹೋಳಿಗೆ ಇದೆ: ಕಡಲೆಬೇಳೆ, ಬೆಲ್ಲ, ಮೈದಾ, ತುಪ್ಪ.’ ಇಲ್ಲಿ ‘ಹಾರ್ದಿಕ’ ಇಲ್ಲ, ‘ಸಮಸ್ತ’ ಇಲ್ಲ. ಕೊನೆಯ ಸಾಲೇ ಹೆಚ್ಚು ಕೆಲಸ ಮಾಡುವುದು. ಹಾಲು ತುಪ್ಪ ಬಿಟ್ಟವರಿಗೆ ಕೇಳದೆಯೇ ಉತ್ತರ ಸಿಕ್ಕಿತು. ಕ್ರಿಸ್ಮಸ್ಸಿನ ಪ್ಲಮ್ ಕೇಕಿಗೆ ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಿದ್ದರೆ, ಈದಿನ ಪುಡಿಂಗಿಗೆ ಪ್ರಾಣಿಯ ಮೂಳೆ ಚರ್ಮದಿಂದ ಬರುವ ಜೆಲಟಿನ್ ಹಾಕಿದ್ದರೆ, ಕೇಕಿಗೆ ಮೊಟ್ಟೆ ಬಿದ್ದಿದ್ದರೆ ಅದನ್ನೂ ಹೀಗೆಯೇ ಬರೆಯಬೇಕು. ತಿಂದ ಮೇಲೆ ಗೊತ್ತಾಗುವುದಕ್ಕಿಂತ ದೊಡ್ಡ ಅಗೌರವ ಗಿರಾಕಿಗೆ ಇನ್ನೊಂದಿಲ್ಲ.

ರಿಯಾಯಿತಿಯನ್ನು ಹಬ್ಬಕ್ಕೆ ಗಂಟುಹಾಕದಿರುವುದು ಲೇಸು. ಯುಗಾದಿಗೆ ಶೇಕಡಾ 20 ಕೊಟ್ಟು ಈದಿಗೆ ಏನೂ ಇಲ್ಲದಿದ್ದರೆ ಲೆಕ್ಕ ಇಡುವವರು ಇದ್ದೇ ಇರುತ್ತಾರೆ, ಮತ್ತು ಅವರ ಲೆಕ್ಕ ತಪ್ಪೂ ಅಲ್ಲ. ದೇವರ ಚಿತ್ರ, ಕಾಬಾದ ಚಿತ್ರ, ಶಿಲುಬೆ ಇವನ್ನು ಟಿಶ್ಯೂ ಮೇಲೆ, ಪೇಪರ್ ಕಪ್ಪಿನ ಮೇಲೆ ಹಾಕಲೇಬಾರದು. ಅವು ಸಂಜೆಗೆ ಕಸದ ಬುಟ್ಟಿ ಸೇರುತ್ತವೆ.

ಹೆಚ್ಚು ಎಡವುವುದು ಈದಿನ ತಾರೀಕಿನಲ್ಲಿ. ಯುಗಾದಿ ಅಮಾವಾಸ್ಯೆಯ ಮರುದಿನದ ಪಾಡ್ಯ, ವರ್ಷಕ್ಕೆ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಈದ್ ಅದೇ ಅಮಾವಾಸ್ಯೆ ಕಳೆದು ಎಳೆಚಂದ್ರ ಕಣ್ಣಿಗೆ ಬಿದ್ದ ಮೇಲೆ ತೀರ್ಮಾನವಾಗುತ್ತದೆ. ಇಸ್ಲಾಮಿ ವರ್ಷಕ್ಕೆ ನಮ್ಮ ಅಧಿಕ ಮಾಸದಂಥ ಹೊಂದಾಣಿಕೆ ಇಲ್ಲದ್ದರಿಂದ ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2023ರಲ್ಲಿ ಯುಗಾದಿಯ ಬೆನ್ನಿಗೇ ರಂಜಾನ್ ತಿಂಗಳು ಶುರುವಾಗಿತ್ತು. ಆ ವರ್ಷ ಅಧಿಕ ಶ್ರಾವಣ ಬಂದು ಯುಗಾದಿ ಮುಂದಕ್ಕೆ ಹೋಯಿತು, ಹಾಗಾಗಿ 2024ರಲ್ಲೂ 2025ರಲ್ಲೂ ಯುಗಾದಿಯ ಬೆನ್ನಿಗೆ ಬಂದದ್ದು ಈದ್. 2024ರ ಏಪ್ರಿಲ್ 9ರ ಸಂಜೆ ಕೇರಳದಲ್ಲಿ ಚಂದ್ರದರ್ಶನವಾಯಿತು, ಅದನ್ನು ಒಪ್ಪುವ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ 10ಕ್ಕೆ ಈದ್. ಬೆಂಗಳೂರಿನಲ್ಲಿ 11ಕ್ಕೆ. ಎರಡೂ ಊರಿನಲ್ಲಿ ಶಾಖೆ ಇರುವ ಕೆಫೆ ವಾರದ ಮೊದಲೇ ಒಂದೇ ಪೋಸ್ಟಿಗೆ ಟೈಮ್ ಕಟ್ಟಿಟ್ಟಿದ್ದರೆ, ಬೆಂಗಳೂರಿನಲ್ಲಿ ಇನ್ನೂ ಉಪವಾಸ ಇರುವವರಿಗೆ ‘ಈದ್ ಮುಬಾರಕ್’ ಹೋಗಿರುತ್ತಿತ್ತು. ಚಿತ್ರ ಸಿದ್ಧವಿಟ್ಟುಕೊಳ್ಳಿ, ತಾರೀಕು ಹಾಕಬೇಡಿ, ಊರಿನ ಖಾಝಿಯವರ ಪ್ರಕಟಣೆ ಬಂದ ಮೇಲೆ ಕಳಿಸಿ. ಬಿಸುವಿಗೆ ‘ಬಿಸು ಪರ್ಬದ ಎಡ್ಡೆಪ್ಪುಲು’ ಎಂದು ತುಳುವಿನಲ್ಲೇ ಬರೆದರೆ ಆಯಿತು. ಅಂದೇ ಇರುವ ಅಂಬೇಡ್ಕರ್ ಜಯಂತಿಗೆ ಬೇರೆ ಪೋಸ್ಟ್.

ಶುಭಾಶಯವೇ ಸಲ್ಲದ ದಿನಗಳೂ ಇವೆ. ಗುಡ್ ಫ್ರೈಡೆ ಏಸುವಿನ ಮರಣದ ದಿನ. ‘ಹ್ಯಾಪಿ’ ಎಂದು ಸೇರಿಸಿ ಕಳಿಸುವ ಅಂಗಡಿಗಳು ಪ್ರತಿ ವರ್ಷ ಸಿಗುತ್ತವೆ. ಮೊಹರಂ ಶಿಯಾಗಳಿಗೆ ಶೋಕದ ದಿನ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಅಲಾಯಿ ದೇವರ ಹಬ್ಬ ಮಾಡುವುದುಂಟು ನಿಜ. ಆದರೂ ಹೊರಗಿನ ವ್ಯಾಪಾರಿ ಅಂದು ಅಂಗಡಿಯ ಸಮಯ ತಿಳಿಸಿ ಸುಮ್ಮನಿರುವುದೇ ಒಳ್ಳೆಯದು.

ಪೋಸ್ಟ್ ಹೊರಹೋಗುವ ಮುನ್ನ ಆ ಹಬ್ಬ ಮಾಡುವ ಒಬ್ಬರಿಗೆ ತೋರಿಸಬೇಕು. ಸಾಮಾನ್ಯವಾಗಿ ಅವರು ಕೆಫೆಯ ಒಳಗೇ ಇರುತ್ತಾರೆ, ಬಿಲ್ ಬರೆಯುತ್ತಲೋ ದೋಸೆ ಹುಯ್ಯುತ್ತಲೋ. ಮಂಗಳೂರಿನವರು ವರ್ಷದ ಪಟ್ಟಿ ಮಾಡುವಾಗ ಸೆಪ್ಟೆಂಬರ್ 8ನ್ನು ಮರೆಯಬೇಡಿ. ಅಂದು ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್, ಮೇರಿ ಮಾತೆಯ ಜನ್ಮದಿನ, ಹೊಸ ತೆನೆಯ ಹಬ್ಬ. ಪೋಸ್ಟಿಗೆ ಹಂದಿ ಮಾಂಸದ ಚಿತ್ರ ಬೇಡ, ಆ ಮನೆಗಳಲ್ಲಿ ಅವತ್ತು ಸಸ್ಯಾಹಾರದ ಊಟ.