ಡ್ಯಾಶ್‌ಬೋರ್ಡಿನ ಅಂಕಿಗೆ ವಯಸ್ಸೆಷ್ಟು?

ಹಲವು ಊರುಗಳಲ್ಲಿ ಮಳಿಗೆಗಳಿರುವ ಒಂದು ದಿನಸಿ ಕಂಪನಿ ಎಂದಿಟ್ಟುಕೊಳ್ಳಿ. ಬೆಳಗ್ಗೆ 11:05ಕ್ಕೆ ಮೀಟಿಂಗ್. ಗೋಡೆಯ ಮೇಲಿನ ಡ್ಯಾಶ್‌ಬೋರ್ಡ್ ‘10:38ಕ್ಕೆ ಅಪ್‌ಡೇಟ್ ಆಗಿದೆ’ ಎನ್ನುತ್ತಿದೆ. ಅರ್ಧ ಗಂಟೆಯೊಳಗಿನ ಲೆಕ್ಕವೇ ಕಣ್ಣೆದುರಿಗಿದೆ ಎಂದುಕೊಂಡು ಮ್ಯಾನೇಜರ್ ಮಾತು ಶುರುಮಾಡುತ್ತಾರೆ. ಆದರೆ ಆ ಮೊತ್ತದಲ್ಲಿ ಸೇರಿರುವ ಕೊನೆಯ ಬಿಲ್ಲು 10:28ರದ್ದು.

ಆ 10 ನಿಮಿಷ ಹೋದದ್ದೆಲ್ಲಿ? ಬಿಲ್ಲುಗಳು ಮೊದಲು ಸೇರುವುದು ಪ್ರೈಮರಿ ಎನ್ನುವ ಮೂಲ ಡೇಟಾಬೇಸಿಗೆ. ಅದರ ಮೇಲೆ ಹೊರೆ ಬೀಳದಿರಲೆಂದು ವರದಿಗಳನ್ನೆಲ್ಲ ಅದರ ಪ್ರತಿಯಿಂದ, ಅಂದರೆ ರೆಪ್ಲಿಕಾದಿಂದ ತೆಗೆಯುತ್ತಾರೆ. 10:30ಕ್ಕೆ ಸಿಂಕ್ ಶುರುವಾದಾಗ ರೆಪ್ಲಿಕಾ 2 ನಿಮಿಷ ಹಿಂದಿತ್ತು. ಇದೇ ರೆಪ್ಲಿಕೇಶನ್ ಲ್ಯಾಗ್. ಎಲ್ಲ ಟೇಬಲ್‌ಗಳನ್ನು ನಕಲು ಮಾಡಲು ಇನ್ನೂ 8 ನಿಮಿಷ ಹಿಡಿಯಿತು. ಸಿಂಕ್ ನಡೆಯುವುದು ಅರ್ಧ ಗಂಟೆಗೊಮ್ಮೆ, ಹಾಗಾಗಿ ಮುಂದಿನದು ಮುಗಿಯುವ 11:08ರವರೆಗೂ ಇದೇ ಅಂಕಿ ನಿಂತಿರುತ್ತದೆ. ಬಂದ ಗಳಿಗೆಯಲ್ಲಿ ಡೇಟಾದ ವಯಸ್ಸು 10 ನಿಮಿಷ, ಬದಲಾಗುವ ಮುನ್ನ 40. ‘ಅರ್ಧ ಗಂಟೆಗೊಮ್ಮೆ ಸಿಂಕ್ ಆಗುತ್ತದೆ, ಆದ್ದರಿಂದ ಡೇಟಾ ಅರ್ಧ ಗಂಟೆಗಿಂತ ಹಳೆಯದಾಗದು’ ಎಂಬ ಭರವಸೆಯನ್ನು ಐಟಿ ವಿಭಾಗಗಳು ಧಾರಾಳವಾಗಿ ಕೊಡುತ್ತವೆ. ಲೆಕ್ಕ ಮಾತ್ರ ಹಾಗೆ ಹೇಳುವುದಿಲ್ಲ.

ರೆಪ್ಲಿಕಾ ಎಷ್ಟು ಹಿಂದಿದೆ ಎಂದು ತಿಳಿಯಲು ಡೇಟಾಬೇಸುಗಳಲ್ಲೇ ಸೌಲಭ್ಯವಿದೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಪೋಸ್ಟ್‌ಗ್ರೆಸ್‌ನ `pg_last_xact_replay_timestamp()` ರೆಪ್ಲಿಕಾದಲ್ಲಿ ಕೊನೆಯದಾಗಿ ಜಾರಿಯಾದ ವಹಿವಾಟಿನ ಹೊತ್ತನ್ನು ಹೇಳುತ್ತದೆ. ರಾತ್ರಿ ಅಂಗಡಿ ಮುಚ್ಚಿ ಬಿಲ್ಲೇ ಆಗದಿದ್ದರೆ ಆ ಹೊತ್ತು ಅಲ್ಲೇ ನಿಲ್ಲುತ್ತದೆ; ಎಲ್ಲ ಸರಿಯಿದ್ದರೂ ಐದು ಗಂಟೆ ಲ್ಯಾಗ್ ಇದ್ದಂತೆ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನ `Seconds_Behind_Source` ಎಡವುವುದು ತದ್ವಿರುದ್ಧವಾಗಿ. ನೆಟ್‌ವರ್ಕ್ ನಿಧಾನವಾಗಿ ಬದಲಾವಣೆಗಳು ದಾರಿಯಲ್ಲೇ ಉಳಿದಿದ್ದರೂ, ಕೈಗೆ ಬಂದದ್ದನ್ನೆಲ್ಲ ಮುಗಿಸಿದ್ದೇನೆಂದು ಅದು ಸೊನ್ನೆ ತೋರಿಸಬಲ್ಲದು.

ಇವೆರಡಕ್ಕೂ ಹಳೆಯ, ಸರಳ ಮದ್ದೊಂದಿದೆ: ಹಾರ್ಟ್‌ಬೀಟ್ ಟೇಬಲ್. ಪರ್ಕೋನಾದ `pt-heartbeat` ಮಾಡುವುದೂ ಇದನ್ನೇ. ಪ್ರೈಮರಿಯಲ್ಲಿ ಒಂದೇ ಸಾಲಿನ ಟೇಬಲ್ ಇಟ್ಟು, ಸೆಕೆಂಡಿಗೊಮ್ಮೆ ಅದರಲ್ಲಿ ಆ ಕ್ಷಣದ ಸಮಯ ಬರೆಯುತ್ತಾರೆ. ಅದನ್ನು ರೆಪ್ಲಿಕಾದಲ್ಲಿ ಓದುತ್ತಾರೆ.

```sql
-- ಪ್ರೈಮರಿಯಲ್ಲಿ
UPDATE heartbeat SET ts = clock_timestamp();
-- ರೆಪ್ಲಿಕಾದಲ್ಲಿ
SELECT clock_timestamp() - ts FROM heartbeat;
```

ಎರಡೂ ಯಂತ್ರಗಳ ಗಡಿಯಾರ ಹೊಂದಿಕೊಂಡಿರಬೇಕು, ಅಷ್ಟೆ. ಈ ಟೇಬಲನ್ನು ಸಿಂಕ್‌ಗೂ ಸೇರಿಸಿದರೆ ಇನ್ನೂ ಅನುಕೂಲ. ಆದರೆ ಅದನ್ನು ಉಳಿದೆಲ್ಲಕ್ಕಿಂತ ಮೊದಲು ಓದಬೇಕು, ಎಲ್ಲ ಟೇಬಲ್‌ಗಳೂ ತಲುಪಿದ ಮೇಲೆ ಡ್ಯಾಶ್‌ಬೋರ್ಡಿಗೆ ಬಿಡಬೇಕು. ಆಗ ಮೂಲೆಯಲ್ಲಿ ಕಾಣುವುದು 10:28, ಮತ್ತು ಯಾವ ಟೇಬಲೂ ಅದಕ್ಕಿಂತ ಹಿಂದಿರುವುದಿಲ್ಲ. ಕೊನೆಗೆ ಓದಿದರೆ ಹಾರ್ಟ್‌ಬೀಟ್ ಹೊಸದು, ಬಿಲ್ಲುಗಳು ಹಳೆಯವು ಎಂಬಂತಾಗುತ್ತದೆ.

ಹೀಗೆ ಅಳೆಯಲು ಶುರುಮಾಡಿದರೆ ಕೆಲವೊಮ್ಮೆ ಕಳ್ಳ ಮನೆಯೊಳಗೇ ಸಿಗುತ್ತಾನೆ. ಪ್ರೈಮರಿ ಅಳಿಸಿ ತೆರವು ಮಾಡಿದ ಸಾಲುಗಳು ರೆಪ್ಲಿಕಾದಲ್ಲಿ ನಡೆಯುತ್ತಿರುವ ಉದ್ದನೆಯ ಸಿಂಕ್ ಕ್ವೆರಿಗೆ ಇನ್ನೂ ಬೇಕಾಗಿರಬಹುದು. ಆಗ ಪೋಸ್ಟ್‌ಗ್ರೆಸ್ ಸ್ವಲ್ಪ ಕಾದು ಕ್ವೆರಿಯನ್ನೇ ಕಡಿದುಹಾಕುತ್ತದೆ. ಎಷ್ಟು ಕಾಯಬೇಕೆಂದು ಹೇಳುವುದು `max_standby_streaming_delay`. ಮೊದಲಿಗೆ ಅದು 30 ಸೆಕೆಂಡ್. ಸಿಂಕ್ ಪದೇ ಪದೇ ಸಾಯುತ್ತದೆಂದು ಯಾರೋ ಇದನ್ನು 15 ನಿಮಿಷಕ್ಕೆ ಏರಿಸಿರುತ್ತಾರೆ. ಈಗ ಸಿಂಕ್ ಮುಗಿಯುತ್ತದೆ, ಆದರೆ ಮುಗಿಯುವವರೆಗೆ ರೆಪ್ಲಿಕಾ ನಿಂತಲ್ಲೇ ನಿಲ್ಲಬಹುದು. ಲ್ಯಾಗ್‌ನ ನಕ್ಷೆ ಪ್ರತಿ ಅರ್ಧ ಗಂಟೆಗೆ, ಸಿಂಕ್ ಶುರುವಾದ ಹೊತ್ತಿಗೇ ಏರತೊಡಗಿದರೆ ಮೊದಲು ಸಂಶಯ ಪಡಬೇಕಾದದ್ದು ಇದನ್ನೇ. ಕ್ವೆರಿಯನ್ನು ಸಣ್ಣ ತುಂಡುಗಳಾಗಿ ಒಡೆಯುವುದು ಒಂದು ದಾರಿ. `hot_standby_feedback` ಹಾಕಿದರೂ ಆದೀತು, ಆದರೆ ಪ್ರೈಮರಿಯಲ್ಲಿ ಸತ್ತ ಸಾಲುಗಳ ಕಸ ಬೆಳೆಯುತ್ತದೆ.

ಇನ್ನು ಗುರಿಯ ಮಾತು. ‘ರಿಯಲ್ ಟೈಮ್ ಬೇಕು’ ಎನ್ನುವವರನ್ನು ಯಾವ ನಿರ್ಧಾರಕ್ಕೆ ಎಂದು ಕೇಳಿದರೆ ಬೇಡಿಕೆ ನೆಲಕ್ಕಿಳಿಯುತ್ತದೆ. ನಮ್ಮ ಕಂಪನಿಯಲ್ಲಿ ಗೋದಾಮಿನ ಲಾರಿ ಹೊರಡುವುದು 4 ಗಂಟೆಗೆ. ಯಾವ ಮಳಿಗೆಗೆ ಏನು ಕಳಿಸಬೇಕೆಂದು 3:30ಕ್ಕೆ ತೀರ್ಮಾನವಾಗುತ್ತದೆ. 45 ನಿಮಿಷ ಹಳೆಯ ಡೇಟಾ ಸಾಕು. ಗುರಿಯನ್ನು ಹೀಗೆ ಬರೆಯಬಹುದು: ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ನಿಮಿಷಕ್ಕೊಮ್ಮೆ ಅಳೆದಾಗ, ಶೇ 95ರಷ್ಟು ಅಳತೆಗಳಲ್ಲಿ ವಯಸ್ಸು 45 ನಿಮಿಷ ಮೀರಕೂಡದು. ದಿನದ 720 ನಿಮಿಷಗಳಲ್ಲಿ 36 ನಿಮಿಷ ತಪ್ಪಲು ಅವಕಾಶವಿದೆ ಎಂದಾಯಿತು.

11ರ ಸಿಂಕ್ ಕೆಟ್ಟಿತು ಎನ್ನೋಣ. 10:28ರ ಡೇಟಾ 11:13ಕ್ಕೆ ಗಡಿ ದಾಟುತ್ತದೆ, 11:38ಕ್ಕೆ ಮುಂದಿನ ಸಿಂಕ್ ಮುಗಿದಾಗ ಸರಿಹೋಗುತ್ತದೆ. ಖರ್ಚಾದದ್ದು 25 ನಿಮಿಷ. ದಿನಕ್ಕೆ ಒಂದು ಸಿಂಕ್ ಕೆಟ್ಟರೆ ಗುರಿ ಉಳಿಯುತ್ತದೆ, ಎರಡು ಕೆಟ್ಟರೆ 50 ನಿಮಿಷವಾಗಿ ಮುರಿಯುತ್ತದೆ. 45ರ ಬದಲು 35 ನಿಮಿಷ ಎಂದು ಬರೆದಿದ್ದರೆ ಒಂದೂ ಸಿಂಕ್ ಕೆಡದ ದಿನವೂ ಗುರಿ ತಪ್ಪುತ್ತಿತ್ತು, ಏಕೆಂದರೆ ವಯಸ್ಸು ಪ್ರತಿ ಸುತ್ತಿನಲ್ಲೂ 40ರವರೆಗೆ ಏರುತ್ತದೆ. ಅದು ಬೇಕಿದ್ದರೆ ಸಿಂಕನ್ನು 20 ನಿಮಿಷಕ್ಕೊಮ್ಮೆ ಓಡಿಸಬೇಕು.

ಎಚ್ಚರಿಕೆಯ ಗಂಟೆಯನ್ನು ಮಾತ್ರ ಸಿಂಕ್ ಪ್ರೋಗ್ರಾಮಿನೊಳಗೇ ಕಟ್ಟಬಾರದು. ಶುರುವೇ ಆಗದ ಪ್ರೋಗ್ರಾಂ ತಾನು ಕೆಟ್ಟಿದ್ದೇನೆಂದು ಹೇಳಲಾರದು. ನಿಂತುಹೋದ ರೆಪ್ಲಿಕಾದಿಂದ ಹಳೆಯದನ್ನೇ ಓದಿ ‘ಯಶಸ್ವಿ’ ಎಂದು ದಾಖಲಿಸುವುದೂ ಉಂಟು. ಬೇರೊಂದು ಯಂತ್ರ ಡ್ಯಾಶ್‌ಬೋರ್ಡ್ ಬದಿಯ ಹಾರ್ಟ್‌ಬೀಟನ್ನು ನಿಮಿಷಕ್ಕೊಮ್ಮೆ ಓದಿ, ವಯಸ್ಸು 45 ದಾಟಿದ ಕೂಡಲೇ ಸಂಬಂಧಪಟ್ಟವರಿಗೆ ಮೆಸೇಜ್ ಕಳಿಸಬೇಕು.